15.9ರ ಮೂರು ಪಟ್ಟು 47.7, ಕೊಳವೆ ತೋರಿಸಿದ್ದು 49.4

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದ್ತಿದ್ದೀನಿ. ಲ್ಯಾಬಲ್ಲಿ ರೆಸೊನೆನ್ಸ್ ಟ್ಯೂಬ್ ಪ್ರಯೋಗ ಮಾಡಿದ್ವಿ. ನೀರಿರೋ ಕೊಳವೆಯ ಬಾಯಿ ಮೇಲೆ ಟ್ಯೂನಿಂಗ್ ಫೋರ್ಕ್ ಹಿಡಿದು, ನೀರು ಇಳಿಸ್ತಾ ಶಬ್ದ ಜೋರಾಗೋ ಜಾಗ ಹುಡುಕೋದು. 512 ಹರ್ಟ್ಸ್ ಫೋರ್ಕಿಗೆ ಮೊದಲ ಸಲ 15.9 ಸೆಂ.ಮೀ., ಎರಡನೇ ಸಲ 49.4 ಸೆಂ.ಮೀ. ಬಂತು. ಎರಡನೆಯದು ಮೂರು ಪಟ್ಟು ಇರಬೇಕು ಅಲ್ವಾ? ಒಂದೊಂದರಿಂದ ಲೆಕ್ಕ ಹಾಕಿದ್ರೆ ಶಬ್ದದ ವೇಗನೂ ಬೇರೆ ಬೇರೆ ಬರುತ್ತೆ. ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಅಂತ ಫ್ರೆಂಡ್ ಹೇಳ್ತಾನೆ. ನಿಜಾನಾ? ಎರಡೂ ಕಡೆ ತೆರೆದಿರೋ ಪೈಪ್ ಆದ್ರೆ ಏನಾಗುತ್ತೆ? ಕೊಳವೆ ಒಳವ್ಯಾಸ 3 ಸೆಂ.ಮೀ., ಅವತ್ತು ಲ್ಯಾಬಲ್ಲಿ 20 ಡಿಗ್ರಿ ಇತ್ತು.

ಉತ್ತರ: ನಿಮ್ಮ ಎರಡೂ ಅಳತೆ ಚೆನ್ನಾಗಿ ಬಂದಿವೆ. ದಯವಿಟ್ಟು ರೆಕಾರ್ಡ್ ಪುಸ್ತಕದಲ್ಲಿ 49.4 ಅಳಿಸಿ 47.7 ಅಂತ ಬರೆಯಬೇಡಿ. ಆ 1.7 ಸೆಂಟಿಮೀಟರ್ ವ್ಯತ್ಯಾಸದಲ್ಲೇ ಈ ಪ್ರಯೋಗದ ಅತ್ಯಂತ ಸ್ವಾರಸ್ಯವಾದ ವಿಷಯ ಇದೆ. ಅದು ಗೊತ್ತಾಗಬೇಕಾದರೆ ಮೊದಲು ಈ "ಮೂರು ಪಟ್ಟು" ಎಲ್ಲಿಂದ ಬಂತು ಅಂತ ನೋಡಬೇಕು.

ಪುಸ್ತಕದಲ್ಲಿ ಕೊಳವೆಯೊಳಗೆ ಬಾಗಿದ ಗೆರೆಗಳ ಚಿತ್ರ ಇರುತ್ತದೆ. ಅದನ್ನು ನೋಡಿ ಗಾಳಿ ಅಡ್ಡಡ್ಡ ಕುಣಿಯುತ್ತದೆ ಅಂತ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಗಾಳಿ ಕೊಳವೆಯ ಉದ್ದಕ್ಕೇ ಹಿಂದೆ ಮುಂದೆ ಅಲುಗುತ್ತದೆ. ಆ ಚಿತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದೇ ಒಂದು ಒತ್ತಡದ ಅಲೆಯ ಹಿಂದೆ ಹೋಗೋಣ.

ಫೋರ್ಕಿನ ಕೆಳಗಿನ ಕವಲು ಕೊಳವೆಯ ಬಾಯಿಯ ಕಡೆಗೆ ಬಂದಾಗ ಅಲ್ಲಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತು ಕೆಳಗೆ ಓಡಿ ನೀರನ್ನು ಮುಟ್ಟುತ್ತದೆ. ನೀರು ಗಾಳಿಗೆ ಜಾಗ ಬಿಡುವುದಿಲ್ಲ. ಹಾಗಾಗಿ ಒತ್ತು ಒತ್ತಾಗಿಯೇ ವಾಪಸ್ ಹೊರಡುತ್ತದೆ. ಮೇಲೆ ಬಾಯಿಗೆ ಬಂದಾಗ ಕಥೆ ಬದಲಾಗುತ್ತದೆ. ಅಲ್ಲಿ ಗಾಳಿಯನ್ನು ತಡೆಯುವ ಗೋಡೆ ಇಲ್ಲ. ಒತ್ತಿಕೊಂಡಿದ್ದ ಗಾಳಿ ಒಮ್ಮೆಲೇ ಹೊರಗೆ ನುಗ್ಗುತ್ತದೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನುಗ್ಗುತ್ತದೆ. ಆಗ ಬಾಯಿಯ ಒಳಗೆ ಗಾಳಿ ಸಡಿಲವಾಗುತ್ತದೆ. ಈಗ ಕೆಳಗೆ ಓಡುವುದು ಒತ್ತಲ್ಲ, ಆ ಸಡಿಲು.

ಅಂದರೆ, ಒಂದು ಸಲ ಕೆಳಗೆ ಹೋಗಿ ಮೇಲೆ ಬರುವಷ್ಟರಲ್ಲಿ ಒತ್ತು ಸಡಿಲಾಗಿ ತಿರುಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಫೋರ್ಕಿನ ಕವಲು ಮೇಲಕ್ಕೆ ಹೋಗುತ್ತಿದ್ದರೆ, ಅದೂ ಸಡಿಲನ್ನೇ ಉಂಟುಮಾಡುತ್ತಿರುತ್ತದೆ. ಎರಡೂ ಸೇರುತ್ತವೆ. ಪ್ರತಿ ಸುತ್ತಿನಲ್ಲೂ ಸೇರುತ್ತಾ ಹೋದರೆ ಶಬ್ದ ದೊಡ್ಡದಾಗುತ್ತದೆ. ನಿಮ್ಮ ಕಿವಿಗೆ ಗುಂಯ್ ಅಂತ ಕೇಳಿದ್ದು ಅದೇ.

ಕವಲು ಕೆಳಗಿಂದ ಮೇಲಕ್ಕೆ ತಿರುಗಲು ಅರ್ಧ ಕಂಪನದ ಹೊತ್ತು ಬೇಕು. ಆ ಹೊತ್ತಿನಲ್ಲಿ ಶಬ್ದ ಅರ್ಧ ತರಂಗದೂರ ಓಡುತ್ತದೆ. ಹೋಗಿ ಬರುವ ದಾರಿಯೇ ಅರ್ಧ ತರಂಗದೂರ ಅಂದಮೇಲೆ ಕೊಳವೆಯ ಉದ್ದ ಕಾಲು ತರಂಗದೂರ. ಕವಲು ಒಂದೂವರೆ ಕಂಪನ ಮುಗಿಸಿದಾಗ ಅಲೆ ವಾಪಸ್ ಬಂದರೂ ಲೆಕ್ಕ ಕೂಡುತ್ತದೆ. ಆಗ ಉದ್ದ ಮುಕ್ಕಾಲು ತರಂಗದೂರ. ಎರಡೂವರೆ ಆದರೆ ಒಂದೂಕಾಲು. 1, 3, 5 ಅನ್ನುವ ಬೆಸ ಸಂಖ್ಯೆಗಳು ಬಂದಿದ್ದು ಹೀಗೆ. ಒಂದು ತುದಿ ಅಲೆಯನ್ನು ತಿರುಗಿಸುತ್ತದೆ, ಇನ್ನೊಂದು ತಿರುಗಿಸುವುದಿಲ್ಲ. ಅಷ್ಟೇ ಕಾರಣ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ವೈವಾದಲ್ಲಿ ಇದನ್ನು ಕೇಳುತ್ತಾರೆ. ಎರಡನೇ ಜಾಗದಲ್ಲಿ ನಿಮಗೆ ಕೇಳಿದ್ದು ಹೊಸ ಸ್ವರವಲ್ಲ, ಅದೇ 512. ಫೋರ್ಕ್ ಬದಲಾಗಿಲ್ಲ, ಕೊಳವೆ ಉದ್ದವಾಗಿದೆ. ಆ ಉದ್ದದ ಕೊಳವೆಯ ಸ್ವಂತ ಮೂಲ ಸ್ವರ 512ರ ಮೂರನೇ ಒಂದು ಭಾಗ, ಅಂದರೆ ಸುಮಾರು 171 ಹರ್ಟ್ಸ್. 512 ಅದರ ಮೂರನೇ ಹಾರ್ಮೋನಿಕ್. ಹೀಗೆ ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಎರಡನೇ ಹಾರ್ಮೋನಿಕ್ ಇರುವುದೇ ಇಲ್ಲ. ಮೂಲ ಸ್ವರ ಬಿಟ್ಟರೆ ಮೊದಲು ಸಿಗುವುದೇ ಮೂರನೆಯದು, ಆದ್ದರಿಂದ ಅದನ್ನು ಮೊದಲ ಓವರ್‌ಟೋನ್ ಅನ್ನುತ್ತಾರೆ. ಓವರ್‌ಟೋನ್ ಅಂದರೆ ಸಿಗುವ ಸರದಿ, ಹಾರ್ಮೋನಿಕ್ ಅಂದರೆ ಮೂಲ ಆವೃತ್ತಿಯ ಎಷ್ಟು ಪಟ್ಟು ಅನ್ನುವುದು. ಇವೆರಡನ್ನು ಬೆರೆಸಿಕೊಂಡರೆ ಪರೀಕ್ಷೆಯ ಅರ್ಧ ಲೆಕ್ಕಗಳು ತಪ್ಪುತ್ತವೆ.

ಈಗ ನಿಮ್ಮ 1.7 ಸೆಂಟಿಮೀಟರಿಗೆ ಬರೋಣ. ಅಲೆ ಬಾಯಿಯಲ್ಲಿ ತಿರುಗುತ್ತದೆ ಅಂದೆ. ಆದರೆ ಗಾಜಿನ ಅಂಚು ಇರುವ ಗೆರೆಯಲ್ಲೇ ತಿರುಗುತ್ತದಾ? ಅಂಚಿನ ಹೊರಗೆ ಇರುವುದೂ ಗಾಳಿಯೇ. ಒಳಗಿನ ಗಾಳಿ ಹೊರಗೆ ನುಗ್ಗುವಾಗ ಬಾಯಿಯ ಮೇಲಿನ ಒಂದಷ್ಟು ಗಾಳಿಯನ್ನೂ ತಳ್ಳಿಕೊಂಡು ಹೋಗುತ್ತದೆ, ಒಳಗೆ ಬರುವಾಗ ಎಳೆದುಕೊಂಡು ಬರುತ್ತದೆ. ಆ ಗಾಳಿಗೂ ತೂಕ ಇದೆ. ಹೀಗಾಗಿ ಗಾಳಿಯ ಕಂಬ ಸ್ಕೇಲಿನಲ್ಲಿ ಕಾಣುವುದಕ್ಕಿಂತ ಸ್ವಲ್ಪ ಉದ್ದ ಇದ್ದ ಹಾಗೆ ನಡೆದುಕೊಳ್ಳುತ್ತದೆ. ಆ ಹೆಚ್ಚುವರಿ ಉದ್ದವೇ ಎಂಡ್ ಕರೆಕ್ಷನ್. ಅದನ್ನು e ಅನ್ನೋಣ.

ಇದು ಕೊಳವೆಯ ಬಾಯಿ ಎಷ್ಟು ಅಗಲ ಅನ್ನುವುದರ ಮೇಲೆ ನಿಂತಿದೆ, ಉದ್ದದ ಮೇಲೆ ಅಲ್ಲ. ಸುತ್ತ ಚಪ್ಪಟೆ ಅಂಚಿಲ್ಲದ, ತೆಳು ಗೋಡೆಯ ಕೊಳವೆಗೆ e ತ್ರಿಜ್ಯದ ಸುಮಾರು 0.6 ಪಟ್ಟು. 1948ರಲ್ಲಿ ಲೆವಿನ್ ಮತ್ತು ಶ್ವಿಂಗರ್ ಇದನ್ನು ಗಣಿತದಿಂದ ನಿಖರವಾಗಿ ಲೆಕ್ಕ ಹಾಕಿ 0.6133 ಅಂತ ತೋರಿಸಿದರು. ಕೊಳವೆಯ ಅಗಲಕ್ಕಿಂತ ತರಂಗದೂರ ತುಂಬಾ ದೊಡ್ಡದಿದ್ದಾಗ ಮಾತ್ರ ಈ ಸಂಖ್ಯೆ ಸರಿ. ನಿಮ್ಮಲ್ಲಿ ಅಗಲ 3, ತರಂಗದೂರ 67 ಸೆಂ.ಮೀ. ಹಾಗಾಗಿ ತೊಂದರೆ ಇಲ್ಲ. ತ್ರಿಜ್ಯ 1.5 ಆದ್ದರಿಂದ e ಸುಮಾರು 0.9 ಸೆಂ.ಮೀ. ಇರಬೇಕು.

ಮೊದಲ ಓದು L1, ಎರಡನೆಯದು L2, ತರಂಗದೂರ λ ಅಂದುಕೊಂಡರೆ ಸರಿಯಾದ ಸಮೀಕರಣಗಳು ಇವು:

```
L1 + e = λ/4
L2 + e = 3λ/4
```

ಮೂರು ಪಟ್ಟು ಇರಬೇಕಾದ್ದು ಗಾಳಿಯ ಕಂಬದ ಪೂರ್ತಿ ಉದ್ದ, ಸ್ಕೇಲಿನ ಓದು ಅಲ್ಲ. ಒಂದನ್ನು ಇನ್ನೊಂದರಿಂದ ಕಳೆದರೆ e ತಾನಾಗಿ ಹೊರಟುಹೋಗುತ್ತದೆ. 49.4ರಲ್ಲಿ 15.9 ಕಳೆದರೆ 33.5. ಅದು ಅರ್ಧ ತರಂಗದೂರ. ಪೂರ್ತಿ 67.0 ಸೆಂ.ಮೀ. ಅದನ್ನು 512ರಿಂದ ಗುಣಿಸಿದರೆ ಸೆಕೆಂಡಿಗೆ 343 ಮೀಟರ್. 20 ಡಿಗ್ರಿ ಒಣ ಗಾಳಿಯಲ್ಲಿ ಶಬ್ದದ ವೇಗ ಸುಮಾರು 343.4. ಇದಕ್ಕಿಂತ ಚೆನ್ನಾಗಿ ಕಾಲೇಜು ಲ್ಯಾಬಲ್ಲಿ ಯಾರೂ ಮಾಡಲಾರರು.

ನಿಮಗೆ ಬೇರೆ ಬೇರೆ ವೇಗ ಬಂದಿದ್ದು ಯಾಕೆ ಅಂತ ಈಗ ಕಾಣುತ್ತದೆ. ಬರೀ 15.9ನ್ನು ನಾಲ್ಕರಿಂದ ಗುಣಿಸಿ ಲೆಕ್ಕ ಹಾಕಿದರೆ 325.6 ಬರುತ್ತದೆ. ಬರೀ 49.4ರಿಂದ ಹಾಕಿದರೆ 337.2. ಎರಡೂ ಕಡಿಮೆ, ಆದರೆ ಮೊದಲನೆಯದು ತುಂಬಾ ಕಡಿಮೆ. ಯಾಕೆಂದರೆ ಬಿಟ್ಟುಹೋದ 0.9 ಸೆಂಟಿಮೀಟರ್ 16ರಲ್ಲಿ ದೊಡ್ಡ ಪಾಲು, 50ರಲ್ಲಿ ಸಣ್ಣ ಪಾಲು. ಈ ಎರಡು ವೇಗಗಳ ಸರಾಸರಿ ತೆಗೆದು ಉತ್ತರ ಬರೆಯುವವರಿದ್ದಾರೆ. ಅದು ಖಂಡಿತ ಸರಿಯಲ್ಲ. ಒಂದೇ ದಿಕ್ಕಿಗೆ ತಪ್ಪಿದ ಎರಡು ಸಂಖ್ಯೆಗಳ ಸರಾಸರಿಯೂ ಅದೇ ದಿಕ್ಕಿಗೆ ತಪ್ಪಿರುತ್ತದೆ.

e ಎಷ್ಟು ಅಂತಲೂ ನಿಮ್ಮ ಅಳತೆಯಿಂದಲೇ ತೆಗೆಯಬಹುದು:

```
e = (L2 − 3·L1) / 2 = (49.4 − 47.7) / 2 = 0.85 ಸೆಂ.ಮೀ.
```

ನೀವು "ತಪ್ಪು" ಅಂದುಕೊಂಡ 1.7ರ ಅರ್ಧ! ತ್ರಿಜ್ಯದಿಂದ ಊಹಿಸಿದ 0.9ಕ್ಕೆ ಎಷ್ಟು ಹತ್ತಿರ ನೋಡಿ. ಆದರೆ ಈ 0.85ನ್ನು ಜಾಸ್ತಿ ನಂಬಬೇಡಿ. ಸೂತ್ರದಲ್ಲಿ L1 ಮೂರರಿಂದ ಗುಣವಾಗಿದೆ. ಮೊದಲ ಓದು ಒಂದು ಮಿಲಿಮೀಟರ್ ಆಚೀಚೆ ಆದರೆ e ಒಂದೂವರೆ ಮಿಲಿಮೀಟರ್ ಕದಲುತ್ತದೆ. ನಿಮ್ಮ ಪಕ್ಕದ ಬ್ಯಾಚಿಗೆ 0.7 ಬಂದಿದ್ದರೆ, ಇನ್ನೊಂದಕ್ಕೆ 1.0 ಬಂದಿದ್ದರೆ ಆಶ್ಚರ್ಯವಿಲ್ಲ. ವೇಗದ ಲೆಕ್ಕ ಅಷ್ಟು ನಾಜೂಕಲ್ಲ. ವ್ಯತ್ಯಾಸದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ವೇಗ ಸುಮಾರು ಒಂದು ಮೀಟರ್ ಮಾತ್ರ ತಪ್ಪುತ್ತದೆ. e ಋಣ ಸಂಖ್ಯೆ ಬಂದರೆ ಮಾತ್ರ ಎಲ್ಲೋ ಓದು ಕೈಕೊಟ್ಟಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಮೊದಲ ಓದೇ.

ಮೊದಲ ಓದು ಯಾಕೆ ಕೈಕೊಡುತ್ತದೆ? ಶಬ್ದ ಗರಿಷ್ಠವಾಗುವ ಜಾಗ ಚೂಪಾದ ಬಿಂದುವಲ್ಲ. ಕೆಲವು ಮಿಲಿಮೀಟರಿನವರೆಗೆ ಎಲ್ಲವೂ ಒಂದೇ ಥರ ಜೋರಾಗಿ ಕೇಳುತ್ತದೆ. ಅದಕ್ಕೇ ನೀರನ್ನು ಇಳಿಸುತ್ತಾ ಒಂದು ಸಲ, ಏರಿಸುತ್ತಾ ಒಂದು ಸಲ ಹುಡುಕಿ ಸರಾಸರಿ ತೆಗೆಯಬೇಕು. ಫೋರ್ಕನ್ನು ಮೇಜಿಗೆ ಬಡಿಯಬೇಡಿ, ರಬ್ಬರ್ ಪ್ಯಾಡಿಗೆ ಬಡಿಯಿರಿ. ಗಟ್ಟಿ ಜಾಗಕ್ಕೆ ಬಡಿದರೆ ಅದರಿಂದ ಮೂಲ ಸ್ವರದ ಆರು ಪಟ್ಟಿಗಿಂತ ಸ್ವಲ್ಪ ಮೇಲಿನ ಒಂದು ಕೀರಲು ಸ್ವರವೂ ಹೊರಡುತ್ತದೆ. ಅದಕ್ಕೂ ಕೊಳವೆ ಅಲ್ಲಲ್ಲಿ ಸ್ಪಂದಿಸಿ ಸುಳ್ಳು ಜಾಗಗಳನ್ನು ತೋರಿಸುತ್ತದೆ. ಗುರುತಿಸುವುದು ಸುಲಭ: ಕೇಳುವ ಸ್ವರ ಫೋರ್ಕಿನ ಸ್ವರವೇ ಆಗಿರಬೇಕು, ಕೀರಲಾಗಿದ್ದರೆ ಬಿಟ್ಟು ಮುಂದೆ ಹೋಗಿ. ಇನ್ನೊಂದು, ಫೋರ್ಕನ್ನು ಅಡ್ಡಲಾಗಿ ಹಿಡಿದಾಗ ಎರಡು ಕವಲುಗಳು ಒಂದರ ಮೇಲೊಂದು ಇರಬೇಕು. ಆಗ ಅವು ಮೇಲೆ ಕೆಳಗೆ ಅಲುಗಿ ಗಾಳಿಯನ್ನು ನೇರ ಕೊಳವೆಯೊಳಗೆ ತಳ್ಳುತ್ತವೆ. ಸುಮ್ನೆ ಫೋರ್ಕನ್ನು ಬೆರಳಲ್ಲಿ ತಿರುಗಿಸಿ ನೋಡಿ, ಒಂದು ಓರೆ ಕೋನದಲ್ಲಿ ಶಬ್ದ ಹೆಚ್ಚುಕಡಿಮೆ ಸತ್ತೇಹೋಗುತ್ತದೆ. ಅಲ್ಲಿ ಹಿಡಿದರೆ ಕೊಳವೆ ಎಷ್ಟೇ ಸರಿ ಇದ್ದರೂ ಏನೂ ಕೇಳಿಸಲ್ಲ.

ನಿಮ್ಮ ಫ್ರೆಂಡ್ ಹೇಳಿದ ಎತ್ತರದ ವಿಷಯ. ಒಳ್ಳೆಯ ಅನುಮಾನ, ಆದರೆ ಕಾರಣ ಅದಲ್ಲ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಕಡಿಮೆ, ಅದು ನಿಜ. ಆದರೆ ಶಬ್ದದ ವೇಗ ಒತ್ತಡ ಮತ್ತು ಸಾಂದ್ರತೆ ಇವುಗಳ ಅನುಪಾತದ ಮೇಲೆ ನಿಂತಿದೆ. ಉಷ್ಣತೆ ಒಂದೇ ಇದ್ದರೆ ಒತ್ತಡ ಎಷ್ಟು ಪಾಲು ಇಳಿಯುತ್ತದೋ ಸಾಂದ್ರತೆಯೂ ಅಷ್ಟೇ ಪಾಲು ಇಳಿಯುತ್ತದೆ. ಅನುಪಾತ ಹಾಗೇ ಉಳಿಯುತ್ತದೆ. ಈ ಕೊಳವೆಯನ್ನು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಹೊತ್ತುಕೊಂಡು ಹೋದರೂ, ಅಲ್ಲಿ 20 ಡಿಗ್ರಿ ಇದ್ದರೆ, 15.9 ಮತ್ತು 49.4 ಹತ್ತಿರವೇ ಸಿಗುತ್ತವೆ.

ಬದಲಾವಣೆ ಮಾಡುವುದು ಉಷ್ಣತೆ. ಒಂದು ಡಿಗ್ರಿಗೆ ವೇಗ ಸುಮಾರು 0.6 ಮೀಟರ್ ಏರುತ್ತದೆ. ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿಯಲ್ಲಿ ಮಾಡಿದ ಪ್ರಯೋಗವನ್ನು ಏಪ್ರಿಲ್ ಮಧ್ಯಾಹ್ನ 30 ಡಿಗ್ರಿಯಲ್ಲಿ ಮಾಡಿದರೆ ವೇಗ 9 ಮೀಟರ್ ಜಾಸ್ತಿ ಬರುತ್ತದೆ, ಮೊದಲ ಓದು ನಾಲ್ಕೈದು ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ಅದು ಸ್ಕೇಲಿನಲ್ಲೇ ಕಾಣುತ್ತದೆ. ಹಾಗಾಗಿ ಥರ್ಮಾಮೀಟರ್ ಓದು ಬರೆಯದ ರೆಸೊನೆನ್ಸ್ ಪ್ರಯೋಗವನ್ನು ನಾನು ಪೂರ್ತಿ ಅಂತ ಒಪ್ಪುವುದಿಲ್ಲ. ನೀವು ಬರೆದಿಟ್ಟಿದ್ದು ಒಳ್ಳೆಯದಾಯಿತು. ನೀರಿನ ಮೇಲಿನ ಗಾಳಿಯಲ್ಲಿ ತೇವ ಇರುವುದರಿಂದ ವೇಗ ಒಂದು ಮೀಟರಿನಷ್ಟು ಏರುತ್ತದೆ. ಕೊಳವೆಯ ಗೋಡೆಗೆ ಉಜ್ಜಿಕೊಂಡು ಹೋಗುವುದರಿಂದ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ನಿಮ್ಮ ಮಟ್ಟದ ಅಳತೆಯಲ್ಲಿ ಎರಡನ್ನೂ ಬಿಡಬಹುದು.

ಇನ್ನು ಎರಡೂ ಕಡೆ ತೆರೆದ ಪೈಪ್. ಇದಕ್ಕೆ ಲ್ಯಾಬ್ ಬೇಡ. ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನ ತುಂಡು ಎಲ್ಲಾದರೂ ಸಿಗುತ್ತದೆ. ಒಳವ್ಯಾಸ 3 ಸೆಂ.ಮೀ. ಇರುವುದನ್ನು 50 ಸೆಂ.ಮೀ. ಉದ್ದಕ್ಕೆ ನೇರವಾಗಿ ಕೊಯ್ದುಕೊಳ್ಳಿ. ಇಲ್ಲಿ ಎರಡೂ ತುದಿ ಅಲೆಯನ್ನು ತಿರುಗಿಸುತ್ತವೆ. ಒತ್ತು ಒಂದು ತುದಿಯಲ್ಲಿ ಸಡಿಲಾಗುತ್ತದೆ, ಇನ್ನೊಂದರಲ್ಲಿ ಮತ್ತೆ ಒತ್ತಾಗುತ್ತದೆ. ಒಂದು ಸುತ್ತು ಮುಗಿದಾಗ ಹೊರಟ ಹಾಗೇ ಇರುತ್ತದೆ. ಆದ್ದರಿಂದ ಸುತ್ತಿನ ದಾರಿ ಪೂರ್ತಿ ತರಂಗದೂರ ಆಗಬೇಕು, ಇಲ್ಲವೇ ಎರಡು, ಮೂರು. ಎಲ್ಲ ಹಾರ್ಮೋನಿಕ್‌ಗಳೂ ಸಿಗುತ್ತವೆ. ಬಾಯಿ ಎರಡಿರುವುದರಿಂದ e ಕೂಡ ಎರಡು ಸಲ ಸೇರಬೇಕು. ಆವೃತ್ತಿ f, ಶಬ್ದದ ವೇಗ v, ಪೈಪಿನ ಉದ್ದ L ಅಂದುಕೊಂಡರೆ:

```
ತೆರೆದ ಪೈಪ್:    f = n·v / 2(L + 2e),   n = 1, 2, 3...
ಮುಚ್ಚಿದ ಪೈಪ್:  f = n·v / 4(L + e),    n = 1, 3, 5...
```

ನಮ್ಮ ಪೈಪಿಗೆ L + 2e ಅಂದರೆ 51.8 ಸೆಂ.ಮೀ. ಮೂಲ ಸ್ವರ 331 ಹರ್ಟ್ಸ್, ಆಮೇಲೆ 662, 993. ಒಂದು ತುದಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದರೆ ಉದ್ದ 50.9. ಮೂಲ ಸ್ವರ 168.5, ಮುಂದಿನದು ನೇರ 505, ಅದಾದ ಮೇಲೆ 842. ಕೇಳಬೇಕಾದರೆ ಪೈಪಿನ ತುದಿಗೆ ಅಂಗೈ ತಟ್ಟಿ. ತಟ್ಟಿ ಅಲ್ಲೇ ಒತ್ತಿ ಹಿಡಿದರೆ ದಪ್ಪ ಸ್ವರ, ತಟ್ಟಿದ ತಕ್ಷಣ ಕೈ ತೆಗೆದರೆ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲಿನ ಸ್ವರ. ಹಾಡು ಗೊತ್ತಿರುವವರ ಕಿವಿಗೆ ಇನ್ನೊಂದು ಸೂಕ್ಷ್ಮವೂ ಸಿಗುತ್ತದೆ. ಮೇಲಿನ ಸ್ವರ ಪೂರ್ತಿ ಮೇಲಿನ ಷಡ್ಜಕ್ಕೆ ಮುಟ್ಟುವುದಿಲ್ಲ, ಒಂದು ಕೂದಲೆಳೆ ಕೆಳಗೇ ನಿಲ್ಲುತ್ತದೆ. 331 ಅನ್ನುವುದು 168.5ರ ಎರಡು ಪಟ್ಟಲ್ಲ, 1.96 ಪಟ್ಟು. ತೆರೆದಾಗ ಎರಡನೇ ಬಾಯಿಯ e ಸೇರಿಕೊಂಡಿದ್ದರ ಗುರುತು ಅದು.

ಕೊಳಲು ಇದೇ ಜಾತಿ. ಊದುವ ರಂಧ್ರವೂ ತೆರೆದ ತುದಿಯೇ. ಅದಕ್ಕೇ ಬೆರಳು ಕದಲಿಸದೆ ಜೋರಾಗಿ ಊದಿದರೆ ಸ್ವರ ಎರಡು ಪಟ್ಟಿಗೆ ಹಾರುತ್ತದೆ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಕ್ಲಾರಿನೆಟ್ ಮುಚ್ಚಿದ ಕೊಳವೆಯ ಥರ ನಡೆದುಕೊಳ್ಳುತ್ತದೆ, ಅದರ ಸ್ವರ ಮೂರು ಪಟ್ಟಿಗೆ ಹಾರುತ್ತದೆ. ನಾದಸ್ವರ ಶಂಕುವಿನಂತೆ ಅಗಲವಾಗುತ್ತಾ ಹೋಗುವುದರಿಂದ ಅದಕ್ಕೆ ಈ ಮುಚ್ಚಿದ ಕೊಳವೆಯ ಲೆಕ್ಕ ಹೊಂದುವುದಿಲ್ಲ, ಪೀಪಿಯ ತುದಿ ಬಾಯೊಳಗಿದ್ದರೂ ಸಹ.

ಫೋನಿದ್ದರೆ phyphox ಅನ್ನುವ ಉಚಿತ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಶಬ್ದದ ಸ್ಪೆಕ್ಟ್ರಮ್ ತೋರಿಸುವ ವ್ಯವಸ್ಥೆ ಇದೆ. ಪೈಪಿಗೆ ತಟ್ಟಿ ಯಾವ ಆವೃತ್ತಿಗಳಲ್ಲಿ ಶಿಖರ ಬರುತ್ತದೆ ನೋಡಿ. ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿಯಬೇಡಿ. ಬಾಯಿ ಅರ್ಧ ಮುಚ್ಚಿದ ಹಾಗಾಗಿ ಆವೃತ್ತಿ ಇಳಿಯುತ್ತದೆ. ಪೈಪ್ ತೆರೆದದ್ದಾ ಮುಚ್ಚಿದ್ದಾ ಅಂತ ಹೇಳದೆ ಎರಡು ಪಕ್ಕಪಕ್ಕದ ಆವೃತ್ತಿ ಕೊಟ್ಟು ಕೇಳುವ ಲೆಕ್ಕ ನೀವು ನೋಡಿರಬಹುದು. ಅದಕ್ಕೂ ಇಲ್ಲೇ ಉತ್ತರ ಇದೆ. 505 ಮತ್ತು 842ರ ನಡುವಿನ ಅಂತರ 337. 505ನ್ನು 337ರಿಂದ ಭಾಗಿಸಿದರೆ ಒಂದೂವರೆ ಬರುತ್ತದೆ. ಹೀಗೆ ಅರ್ಧ ಉಳಿದರೆ ಪೈಪ್ ಮುಚ್ಚಿದ್ದು, ಮೂಲ ಆವೃತ್ತಿ ಅಂತರದ ಅರ್ಧ. 662 ಮತ್ತು 993 ತೆಗೆದುಕೊಂಡರೆ ಅಂತರ 331, ಭಾಗಿಸಿದರೆ ಸರಿಯಾಗಿ ಎರಡು. ಪೂರ್ಣ ಸಂಖ್ಯೆ ಬಂದರೆ ಪೈಪ್ ತೆರೆದದ್ದು, ಅಂತರವೇ ಮೂಲ ಆವೃತ್ತಿ.

ಮತ್ತೆ ಲ್ಯಾಬಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಕೊಳವೆ ಒಂದು ಮೀಟರ್ ಇದ್ದರೆ 512 ಫೋರ್ಕಿಗೆ ಮೂರನೇ ಜಾಗವೂ ಸಿಗಬೇಕು. 49.4ಕ್ಕೆ ಇನ್ನೊಂದು 33.5 ಸೇರಿಸಿದರೆ 82.9 ಸೆಂ.ಮೀ. ಅವತ್ತು 20 ಡಿಗ್ರಿ ಇರದಿದ್ದರೆ ಮೂರೂ ಜಾಗಗಳನ್ನು ಹೊಸದಾಗಿ ಅಳೆದು ಎರಡು ಅಂತರಗಳೂ ಸಮ ಇವೆಯಾ ನೋಡಿ. ಶಬ್ದ ಮೊದಲಿಗಿಂತ ಮೆಲ್ಲಗೆ ಇರುತ್ತದೆ, ಫ್ಯಾನ್ ಆಫ್ ಮಾಡಿ ಕೇಳಿ.